ಇಂಟರ್ನ್‌ಗೆ ಬರೆದ ಪತ್ರ: ಸೈಟಿನ ಸುತ್ತು ಮುಗಿದರೂ == ಒಪ್ಪುವುದಿಲ್ಲ ಏಕೆ?

ಗಡಿಕಲ್ಲು ಬರೆದದ್ದು:

ಜಮೀನು ಅಳತೆಯ ತಂತ್ರಾಂಶ ಬರೆಯುವ ನಮ್ಮ ತಂಡಕ್ಕೆ ಹೊಸದಾಗಿ ಬಂದಿರುವ ಇಂಟರ್ನ್ ಒಬ್ಬರಿಗೆ ಬರೆದ ಪತ್ರ ಇದು. ಅವರ ಒಪ್ಪಿಗೆ ಪಡೆದು, ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಕೊರತೆ ಕಂಡರೆ ಹೇಳಿ.

ನಮಸ್ಕಾರ,

ನಿಮ್ಮ ಪರೀಕ್ಷೆಯೊಂದು ನಿಜವಾದ ಸೈಟಿನ ನಿರ್ದೇಶಾಂಕಗಳಿಗೆ ಪಾಸಾಗುತ್ತದೆ, ಆದರೆ ಸೊನ್ನೆಯಿಂದ ಆರಂಭಿಸಿದರೆ ಫೇಲಾಗುತ್ತದೆ ಎಂದು ಕೇಳಿದ್ದೀರಿ. ಸೊನ್ನೆಯಿಂದ ಆರಂಭವಾಗುವುದೇ ಸುಲಭದ ಲೆಕ್ಕವಲ್ಲವೆ ಎಂಬ ನಿಮ್ಮ ಅನುಮಾನ ಸಹಜವಾದದ್ದೇ. ಕೆಳಗಿನದು ನಿಮ್ಮದೇ ಕೋಡು, ನಾನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಮೂವತ್ತು ನಲವತ್ತರ ಸೈಟು, ಅಂದರೆ 9.144 ಮೀಟರ್ ಅಗಲ, 12.192 ಮೀಟರ್ ಉದ್ದ. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಸುತ್ತಿ ಹೊರಟ ಮೂಲೆಗೇ ಬರಬೇಕು.

```python
import math

def suttu(x, y):
    for kona, udda in [(0, 12.192), (90, 9.144),
                       (180, 12.192), (270, 9.144)]:
        r = math.radians(kona)
        x += udda * math.sin(r)
        y += udda * math.cos(r)
    return x, y

print(suttu(0.0, 0.0) == (0.0, 0.0))        # False
print(suttu(781000.0, 1435000.0)
      == (781000.0, 1435000.0))             # True
```

ಎರಡನೆಯದು ಬೆಂಗಳೂರಿನ ಆಸುಪಾಸಿನ ಯುಟಿಎಂ ನಿರ್ದೇಶಾಂಕ. ಮೊದಲನೆಯದರಲ್ಲಿ x ಸುಮಾರು 1.8e-15, y ಸುಮಾರು -1.7e-15 ಆಗಿ ಉಳಿಯುತ್ತದೆ. ಅಷ್ಟೇ ಸಾಕು, == ಇಲ್ಲ ಎನ್ನುತ್ತದೆ.

ಈ ಚೂರು ಎಲ್ಲಿಂದ ಬಂತು? 9.144 ಎಂಬ ಸಂಖ್ಯೆ ಬೈನರಿಯಲ್ಲಿ ಮುಗಿಯುವುದಿಲ್ಲ, 53 ಬಿಟ್‌ಗಳ ಬಳಿಕ ಕತ್ತರಿಸಬೇಕಾಗುತ್ತದೆ ಎಂಬುದನ್ನು ನೀವು ಓದಿರುತ್ತೀರಿ. ಅದು ನಿಜ, ಆದರೆ ಇಲ್ಲಿ ಅಪರಾಧಿ ಅದಲ್ಲ. ಹೋಗುವಾಗ ಕೂಡಿದ 9.144 ಮತ್ತು ಬರುವಾಗ ಕಳೆದ 9.144 ಒಂದೇ ರೀತಿ ಕತ್ತರಿಸಿದವು, ಒಂದನ್ನೊಂದು ಅಳಿಸುತ್ತವೆ. ಕೈಕೊಟ್ಟದ್ದು π. ಯಂತ್ರದೊಳಗಿನ π ನಿಜವಾದ π ಗಿಂತ 1.22e-16 ನಷ್ಟು ಕಡಿಮೆ. ಹಾಗಾಗಿ 180 ಡಿಗ್ರಿಯ ಸೈನ್ ಕೇಳಿದರೆ ಸೊನ್ನೆ ಸಿಗುವುದಿಲ್ಲ, ಆ ಕೊರತೆಯೇ ಉತ್ತರವಾಗಿ ಬರುತ್ತದೆ. ಅದನ್ನು 12.192 ರಿಂದ ಗುಣಿಸಿ x ಗೆ ಸೇರಿಸಿದ್ದೀರಿ. ದಕ್ಷಿಣಕ್ಕೆ ನೇರವಾಗಿ ನಡೆದಿದ್ದೇನೆ ಎಂದು ನೀವು ತಿಳಿದಿದ್ದರೂ ಕೂದಲೆಳೆಯ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಪೂರ್ವಕ್ಕೆ ಸರಿದಿದ್ದೀರಿ.

ಹಾಗಾದರೆ ದೊಡ್ಡ ನಿರ್ದೇಶಾಂಕಗಳಲ್ಲಿ ಏಕೆ ಸರಿಹೋಯಿತು? ಅಲ್ಲೂ ಅದೇ ಚೂರು ಬಂದಿತ್ತು. ಆದರೆ ಡಬಲ್‌ನಲ್ಲಿ ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ ಇರುವ ಅಂತರ ಎಲ್ಲೆಡೆ ಒಂದೇ ಅಲ್ಲ. 12 ರ ಹತ್ತಿರ ಅದು 1.8e-15, 7,81,000 ದ ಹತ್ತಿರ 1.2e-10, 14,35,000 ದ ಹತ್ತಿರ 2.3e-10. 10ರ ಮೈನಸ್ 15ನೇ ಘಾತದ ಚೂರನ್ನು 14 ಲಕ್ಷಕ್ಕೆ ಸೇರಿಸಿದರೆ ಅದು ಮಾಯ. ಅಂದರೆ ನಿಮ್ಮ ಪರೀಕ್ಷೆ ಪಾಸಾದದ್ದು ಲೆಕ್ಕ ಹೆಚ್ಚು ನಿಖರವಾಗಿತ್ತು ಎಂದಲ್ಲ, ಒರಟಾಗಿತ್ತು ಎಂದು. ಬದಿಗಳು ಓರೆಯಾಗಿರುವ ಐದು ಮೂಲೆಯ ಸೈಟು ಕೊಟ್ಟರೆ ದೊಡ್ಡ ನಿರ್ದೇಶಾಂಕಗಳಲ್ಲೂ ಇದೇ ಪರೀಕ್ಷೆ ಬೀಳುವ ಸಾಧ್ಯತೆ ಇದೆ. ಹೋದಷ್ಟೇ ಹಿಂದಿರುಗುವ ಜೋಡಿ ಅಲ್ಲಿ ಇರುವುದಿಲ್ಲ.

ಈಗ ಟಾಲರೆನ್ಸ್. `math.isclose(x, 0.0)` ಎಂದು ಬರೆದು ನೋಡಿದ್ದೀರಿ, ಅದೂ False ಎಂದಿತು. ಅದರ ಪೂರ್ವನಿಯೋಜಿತ ಅಳತೆ ಸಾಪೇಕ್ಷ: ಎರಡು ಸಂಖ್ಯೆಗಳಲ್ಲಿ ದೊಡ್ಡದರ ನೂರು ಕೋಟಿಯಲ್ಲಿ ಒಂದು ಪಾಲು. ಒಂದು ಕಡೆ ಸೊನ್ನೆ ಇದ್ದಾಗ ದೊಡ್ಡದು ಎಂದರೆ ಆ ಚೂರೇ. ಚೂರು ತನ್ನದೇ ನೂರು ಕೋಟಿಯ ಒಂದು ಪಾಲಿಗಿಂತ ಚಿಕ್ಕದಾಗಲು ಎಂದಿಗೂ ಸಾಧ್ಯವಿಲ್ಲ. ಸೊನ್ನೆಯೊಂದಿಗೆ ಹೋಲಿಸುವಾಗ `abs_tol` ಕೊಡಲೇಬೇಕು.

ನಿರ್ದೇಶಾಂಕಗಳಿಗೆ ಸಾಪೇಕ್ಷ ಅಳತೆಯೇ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಲಬಿಂದು ಎಲ್ಲಿದೆ ಎಂಬುದು ನಾವು ನಕ್ಷೆಗೆ ಇಟ್ಟುಕೊಂಡ ಅನುಕೂಲ. ಅದನ್ನು ಸರಿಸಿದರೆ ಎರಡು ಕಲ್ಲುಗಳ ನಡುವಿನ ದೂರ ಬದಲಾಗದು, ಸಾಪೇಕ್ಷ ಟಾಲರೆನ್ಸ್ ಮಾತ್ರ ಬದಲಾಗುತ್ತದೆ. ನಮ್ಮ ಹಳೆಯ ಕೋಡಿನಲ್ಲಿ ಕಾಣುವ ಈ ಸಾಲನ್ನು ನೀವೇ ಓಡಿಸಿ ನೋಡಿ:

```python
np.isclose(1435000.0, 1435012.192)   # True
```

ನಂಪೈ ಪೂರ್ವನಿಯೋಜಿತವಾಗಿ ಲಕ್ಷಕ್ಕೆ ಒಂದು ಪಾಲನ್ನು ಬಿಡುತ್ತದೆ. 14,35,000 ಕ್ಕೆ ಅದು 14 ಮೀಟರ್‌ಗೂ ಹೆಚ್ಚು. ಸೈಟಿನ ಉತ್ತರದ ಮೂಲೆ, ದಕ್ಷಿಣದ ಮೂಲೆ ಎರಡೂ ಒಂದೇ ಎಂದು ಅದು ನಿಶ್ಚಿಂತೆಯಿಂದ ಹೇಳುತ್ತದೆ.

ಹಾಗಾಗಿ ಮೀಟರ್‌ನಲ್ಲಿ ನಿರಪೇಕ್ಷ ಟಾಲರೆನ್ಸ್ ಇಡಿ. ಎಷ್ಟು ಎಂಬುದಕ್ಕೆ ಕೆಳಮಿತಿ ಒಂದು, ಮೇಲ್ಮಿತಿ ಒಂದು ಬೇಕು. ಕೆಳಮಿತಿ ಲೆಕ್ಕದ ಗದ್ದಲ. 14 ಲಕ್ಷದ ಹತ್ತಿರ ಪ್ರತಿ ಕೂಡಿಕೆಗೆ ಹೆಚ್ಚೆಂದರೆ 1.2e-10 ಮೀಟರ್ ತಪ್ಪಬಹುದು. ನೂರು ಬದಿಗಳಿದ್ದು ಎಲ್ಲ ತಪ್ಪೂ ಒಂದೇ ದಿಕ್ಕಿಗೆ ಸೇರಿದರೂ 1.2e-8. ಮೇಲ್ಮಿತಿ ಕ್ಷೇತ್ರ ಪುಸ್ತಕದ್ದು: ಅಳತೆ ಬರೆಯುವುದು ಮಿಲಿಮೀಟರ್‌ವರೆಗೆ, ಆದ್ದರಿಂದ ಬೇರೆಬೇರೆ ಎಂದು ದಾಖಲಾದ ಬಿಂದುಗಳು ಅದಕ್ಕಿಂತ ಹತ್ತಿರ ಇರಲಾರವು. ಇವೆರಡರ ನಡುವೆ 1e-6 ಮೀಟರ್ ಕುಳಿತುಕೊಳ್ಳುತ್ತದೆ. ಕೆಳಗೆ ಎಂಬತ್ತು ಪಟ್ಟು ಜಾಗ, ಮೇಲೆ ಸಾವಿರ ಪಟ್ಟು.

```python
math.hypot(x - x0, y - y0) <= 1e-6
```

x ಅನ್ನೂ y ಅನ್ನೂ ಬೇರೆಬೇರೆಯಾಗಿ ನೋಡಬೇಡಿ, ದೂರವನ್ನೇ ನೋಡಿ. ಆ ಸಂಖ್ಯೆಯ ಪಕ್ಕದಲ್ಲಿ ಮೇಲಿನ ಎರಡು ಮಿತಿಗಳನ್ನು ಕಾಮೆಂಟ್ ಆಗಿ ಬರೆಯಿರಿ. ನಾಳೆ ಯಾರಾದರೂ ಅಡಿಗಳಲ್ಲಿ ದತ್ತಾಂಶ ತಂದರೆ ಅವರಿಗೆ ದಾರಿ ತಿಳಿಯಬೇಕು.

---

ಬಿಟ್‌ಬುಟ್ಟಿ ಬರೆದದ್ದು:

ಇಷ್ಟೆಲ್ಲ ಏಕೆ ಬೇಕು? ಸಿ ಭಾಷೆಯಲ್ಲಿ ಇದಕ್ಕೆಂದೇ `DBL_EPSILON` ಇಟ್ಟಿದ್ದಾರೆ. `fabs(a - b) < DBL_EPSILON` ಎಂದರೆ ಮುಗಿಯಿತು. ಕಾಲೇಜಿನಿಂದಲೂ ಇದನ್ನೇ ಬಳಸುತ್ತಿದ್ದೇನೆ, ಎಂದೂ ತೊಂದರೆ ಆಗಿಲ್ಲ.

---

ತುಂಗಾತೀರ ಬರೆದದ್ದು:

ಬಿಟ್‌ಬುಟ್ಟಿಯವರೆ, `DBL_EPSILON` ಎಂದರೆ 1 ಕ್ಕೂ ಅದರ ಮುಂದಿನ ಡಬಲ್‌ಗೂ ಇರುವ ಅಂತರ, 2.2e-16. ನಿಮ್ಮ ಸಂಖ್ಯೆಗಳು 1 ರ ಹತ್ತಿರ ಇದ್ದರೆ ನೀವು ಹೇಳಿದ್ದು ಅರ್ಧ ಸರಿ. ಗಡಿಕಲ್ಲು ಅವರ 7,81,000 ದಲ್ಲಿ ಪಕ್ಕದ ಸಂಖ್ಯೆಯೇ 1.2e-10 ದೂರದಲ್ಲಿದೆ. ಎರಡು ಸಂಖ್ಯೆಗಳು ಒಂದೇ ಆಗದಿದ್ದರೆ ಅವುಗಳ ವ್ಯತ್ಯಾಸ ಅದಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಅಲ್ಲಿ ನಿಮ್ಮ ಸಾಲು == ಅನ್ನೇ ಉದ್ದ ಮಾಡಿ ಬರೆದಂತೆ. ಇನ್ನು ಸಂಖ್ಯೆಗಳು 1e-20 ಗಾತ್ರದವಾಗಿದ್ದರೆ ನಿಮ್ಮ ಸಾಲಿಗೆ ಎಲ್ಲವೂ ಸಮ.

ತೊಂದರೆ ಆಗಿಲ್ಲ ಎಂದಿರಿ. ಸೊನ್ನೆಯಿಂದ ಹೊರಟ ಮೇಲಿನ ಉದಾಹರಣೆಯನ್ನೇ ಹಾಕಿ ನೋಡಿ. ಉಳಿಯುವ ಚೂರು 1.8e-15, `DBL_EPSILON` ನ ಎಂಟು ಪಟ್ಟು. 12 ಮೀಟರ್ ಸೈಟಿಗೇ ಅದು ಸಾಲದು.

---

ಬಿಟ್‌ಬುಟ್ಟಿ ಬರೆದದ್ದು:

ಹಾಕಿ ನೋಡಿದೆ, ಬಿತ್ತು. ಆದರೆ `DBL_EPSILON` ಅನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ, ಇನ್ನೊಂದು ನಾಲ್ಕರಿಂದ ಗುಣಿಸಿದರೆ ಸರಿ ಎಂದು ಈಗಲೂ ನನ್ನ ವಾದ. ಆ 1e-6 ನನಗೆ ಗಾಳಿಯಿಂದ ಹಿಡಿದಂತೆ ಕಾಣುತ್ತದೆ.

---

ಹಳೆಸರಪಳಿ ಬರೆದದ್ದು:

ಗಂಟರ್ ಚೈನು ಎಳೆದು ಮೋಜಣಿ ಮಾಡಿದ ಕಾಲದವನು ನಾನು. ನಿಮ್ಮ ಪತ್ರ ಓದಿ ನಗು ಬಂತು. ಒಂದು ಮೀಟರಿನ ಹತ್ತು ಲಕ್ಷದ ಒಂದು ಪಾಲು! ಬಿಸಿಲಿಗೆ ಚೈನು ಹಿಗ್ಗುವುದೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಟ್ರಾವರ್ಸ್ ಮುಗಿಸಿ ಮೊದಲ ಕಲ್ಲಿಗೆ ಬಂದಾಗ ಒಂದು ಲಿಂಕ್ ಅತ್ತಿತ್ತ ಬಂದರೆ ನಾವು ಹಂಚಿಹಾಕಿ ಮುಂದೆ ಹೋಗುತ್ತಿದ್ದೆವು. ನೀವು ಮಕ್ಕಳಿಗೆ ಇಷ್ಟು ಬಿಗಿಯಾದ ಟಾಲರೆನ್ಸ್ ಕಲಿಸಿದರೆ ಲೋಕದ ಯಾವ ಜಮೀನೂ ಸುತ್ತು ಮುಗಿಸುವುದಿಲ್ಲ. ನನ್ನ ಮಗನ ಸೈಟಿನಲ್ಲಿ ಕಾಗದದಲ್ಲಿ 1,200 ಚದರಡಿ, ಅಳೆದರೆ 1,196 ಬರುತ್ತದೆ. ಅದಕ್ಕೆ ನಿಮ್ಮ ಕಂಪ್ಯೂಟರ್ ಏನು ಹೇಳುತ್ತದೆ?

---

ಗಡಿಕಲ್ಲು ಬರೆದದ್ದು:

ಸರ್, ಮಗನ ಸೈಟಿನ ನಾಲ್ಕು ಚದರಡಿಯ ಬಗ್ಗೆ ನನ್ನ ಕೋಡು ಏನೂ ಹೇಳದು, ಅದು ಹೇಳಬಾರದು ಕೂಡ. ಆದರೆ ನೀವು ಎತ್ತಿದ್ದು ಪತ್ರದಲ್ಲಿ ನಾನು ಬಿಡಿಸಿ ಹೇಳದೇ ಬಿಟ್ಟ ವಿಷಯ.

ಪ್ರಶ್ನೆಗಳು ಎರಡು. ಒಂದೇ ಬಿಂದುವನ್ನು ಎರಡು ದಾರಿಯಿಂದ ಲೆಕ್ಕ ಹಾಕಿದಾಗ ಅದು ಅದೇ ಬಿಂದುವೆ ಎಂಬುದು ಮೊದಲನೆಯದು, 1e-6 ಅದಕ್ಕೆ. ಅಲ್ಲಿ ಮನುಷ್ಯನ ಅಳತೆಯ ತಪ್ಪು ಬರುವುದೇ ಇಲ್ಲ, ಏಕೆಂದರೆ ಎರಡೂ ದಾರಿಗೆ ಕೊಟ್ಟ ಅಳತೆ ಒಂದೇ. ಕ್ಷೇತ್ರದಲ್ಲಿ ಅಳೆದ ಟ್ರಾವರ್ಸ್ ಸುತ್ತು ಮುಗಿಸಿತೆ ಎಂಬುದು ಎರಡನೆಯದು. ಅದಕ್ಕೆ ಸುತ್ತಳತೆಯ ಪಾಲು ಇಡುತ್ತಾರೆ. ಉದಾಹರಣೆಗೆ 5,000 ಕ್ಕೆ 1 ಎಂದಿಟ್ಟರೆ ಈ ಸೈಟಿನ 42.672 ಮೀಟರ್ ಸುತ್ತಳತೆಗೆ ಎಂಟೂವರೆ ಮಿಲಿಮೀಟರ್ ಬರುತ್ತದೆ. ಆ ಮಿತಿಯೊಳಗಿದ್ದರೆ ನೀವು ಹೇಳಿದಂತೆ ಬೌಡಿಚ್ ಪದ್ಧತಿಯಲ್ಲಿ ಬದಿಗಳ ಉದ್ದಕ್ಕೆ ತಕ್ಕಂತೆ ಹಂಚುವುದು. ನಮ್ಮ ಕೋಡಿನಲ್ಲಿ ಇವೆರಡಕ್ಕೂ ಬೇರೆಬೇರೆ ಹೆಸರಿನ ಸ್ಥಿರಾಂಕಗಳಿವೆ. ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿದರೆ ಒಂದೋ ಯಾವ ಜಮೀನೂ ಮುಗಿಯುವುದಿಲ್ಲ, ಇಲ್ಲವೇ ಬೇರೆ ಬಾಂದುಕಲ್ಲುಗಳು ಒಂದಾಗಿಬಿಡುತ್ತವೆ.

ಬಿಟ್‌ಬುಟ್ಟಿಯವರೆ, ನಿಮ್ಮ ಗುಣಾಕಾರ ಕೆಳಮಿತಿಯನ್ನು ಹೇಳುತ್ತದೆ, ಅಷ್ಟಕ್ಕೆ ಒಳ್ಳೆಯದು. ಆದರೆ ಆ ನಾಲ್ಕು ಎಲ್ಲಿಂದ ಬಂತು? ನೂರು ಬದಿಗಳ ಲೆಕ್ಕಕ್ಕೆ ನಾಲ್ಕು ಸಾಲದು. ಟಾಲರೆನ್ಸನ್ನು ಗದ್ದಲಕ್ಕೆ ಅಂಟಿಸಿ ಇಡುವ ಅಗತ್ಯವೂ ಇಲ್ಲ, ಮೇಲೆ ಅಷ್ಟು ಜಾಗ ಖಾಲಿ ಇರುವಾಗ.

---

ನಕ್ಷೆಗಾರ ಬರೆದದ್ದು:

ನನ್ನದೂ ಇದೇ ತೊಂದರೆ ಇರಬೇಕು. ಮೊಬೈಲ್ ಆ್ಯಪ್‌ನಲ್ಲಿ ಯುಟಿಎಂ ನಿರ್ದೇಶಾಂಕಗಳನ್ನು ಗ್ರಾಫಿಕ್ಸ್‌ಗೆ `float` ಆಗಿ ಕಳಿಸುತ್ತೇವೆ. ಹತ್ತಿರಕ್ಕೆ ಜೂಮ್ ಮಾಡಿದರೆ ಸೈಟಿನ ಗೆರೆಗಳು ಅಂಕುಡೊಂಕಾಗಿ ನಡುಗುತ್ತವೆ. ಟಾಲರೆನ್ಸ್ 1e-6 ಇಟ್ಟೆ, 1e-9 ಇಟ್ಟೆ, ಏನೂ ವ್ಯತ್ಯಾಸ ಆಗಲಿಲ್ಲ.

---

ತುಂಗಾತೀರ ಬರೆದದ್ದು:

ಆಗುವುದಿಲ್ಲ, ಏಕೆಂದರೆ ನಿಮ್ಮದು ಹೋಲಿಕೆಯ ತೊಂದರೆಯಲ್ಲ. 32 ಬಿಟ್ ಫ್ಲೋಟ್‌ನಲ್ಲಿ 14,35,000 ದ ಪಕ್ಕದ ಸಂಖ್ಯೆ 0.125 ಮೀಟರ್ ಆಚೆಗಿದೆ. ನಿಮ್ಮ ಮೂಲೆಗಳೆಲ್ಲ ಹನ್ನೆರಡೂವರೆ ಸೆಂಟಿಮೀಟರಿನ ಮೆಟ್ಟಿಲುಗಳ ಮೇಲೆ ಮಾತ್ರ ನಿಲ್ಲಬಲ್ಲವು. ಮಾಹಿತಿ ಕಳೆದುಹೋದ ಮೇಲೆ ಯಾವ ಟಾಲರೆನ್ಸ್ ಇಟ್ಟರೂ ಅದು ಮರಳಿ ಬಾರದು. ಡಬಲ್ ಇರುವಾಗಲೇ ಸೈಟಿನ ಒಂದು ಮೂಲೆಯನ್ನು ಎಲ್ಲದರಿಂದ ಕಳೆಯಿರಿ, ಆಮೇಲೆ `float` ಮಾಡಿ. 12 ಮೀಟರ್‌ನ ಹತ್ತಿರ 32 ಬಿಟ್ ಫ್ಲೋಟ್‌ನ ಅಂತರ ಸುಮಾರು ಒಂದು ಮೈಕ್ರಾನ್, ಪರದೆಗೆ ಧಾರಾಳ. ಕಳೆಯುವ ಕ್ರಮ ಮುಖ್ಯ: ಮೊದಲು `float` ಮಾಡಿ ಆಮೇಲೆ ಕಳೆದರೆ ನಡುಕ ಹಾಗೆಯೇ ಇರುತ್ತದೆ.

---

ಹೊಸ_ಇಂಟರ್ನ್ ಬರೆದದ್ದು:

ಪತ್ರ ಬಂದದ್ದು ನನಗೆ. ಮೇಡಂ, ಕಚೇರಿಯಲ್ಲಿ ಕೇಳಲು ಸಂಕೋಚವಾಯಿತು, ಇಲ್ಲಿ ಕೇಳುತ್ತೇನೆ. ಎರಡನ್ನೂ ಮೂರು ದಶಮಾಂಶಕ್ಕೆ `round` ಮಾಡಿ == ಹಾಕಿದರೆ ಆಗದೆ? ಅಳತೆ ಇರುವುದೇ ಮಿಲಿಮೀಟರ್‌ವರೆಗೆ ಎಂದಿರಿ. ಹಾಗೆ ಮಾಡಿದರೆ ಪಕ್ಕಪಕ್ಕದ ಸೈಟುಗಳು ಹಂಚಿಕೊಳ್ಳುವ ಮೂಲೆಗಳನ್ನು ಡಿಕ್ಷನರಿಯ ಕೀ ಆಗಿ ಇಟ್ಟುಕೊಳ್ಳಬಹುದು. `hypot` ನಿಂದ ಪ್ರತಿ ಜೋಡಿಯನ್ನೂ ಹೋಲಿಸುತ್ತಾ ಕುಳಿತರೆ ಒಂದು ಬಡಾವಣೆಗೆ ಬಹಳ ಹೊತ್ತು ಹಿಡಿಯುತ್ತದೆ.

---

ತುಂಗಾತೀರ ಬರೆದದ್ದು:

ಸಂಕೋಚಪಡುವ ಪ್ರಶ್ನೆಯೇನಲ್ಲ. 2.0004999 ಮತ್ತು 2.0005001 ಎಂಬ ಎರಡನ್ನು ತೆಗೆದುಕೊಳ್ಳಿ. ನಡುವೆ ಮಿಲಿಮೀಟರಿನ ಐದು ಸಾವಿರದ ಒಂದು ಪಾಲು ಮಾತ್ರ. ಒಂದು 2.000 ಆಗುತ್ತದೆ, ಇನ್ನೊಂದು 2.001. ರೌಂಡ್ ಮಾಡುವುದರಿಂದ ತೊಂದರೆ ಹೋಗುವುದಿಲ್ಲ, ಅರ್ಧ ಮಿಲಿಮೀಟರಿನ ಗೆರೆಗಳ ಮೇಲೆ ಹೋಗಿ ಕೂರುತ್ತದೆ. ಅಳೆದದ್ದನ್ನೇ ಇಟ್ಟರೆ ಬಿಂದುಗಳು ಆ ಗೆರೆಯಿಂದ ದೂರ ಇರುತ್ತವೆ, ಅದಕ್ಕೇ ನಿಮ್ಮ ಪರೀಕ್ಷೆಯಲ್ಲಿ ಕಾಣದು. ಸೈಟನ್ನು ಎರಡು ಭಾಗ ಮಾಡಿ 9.145 ರ ಅರ್ಧ 4.5725 ಬಂದ ದಿನ ಕಾಣುತ್ತದೆ.

ಡಿಕ್ಷನರಿ ಬೇಕೇ ಬೇಕು ಎಂದರೆ ಬಿಂದುವನ್ನು ಚೌಕಗಳ ಜಾಲರಿಯಲ್ಲಿ ಹಾಕಿ, ಹುಡುಕುವಾಗ ಅದರ ಚೌಕವನ್ನೂ ಸುತ್ತಲಿನ ಎಂಟನ್ನೂ ನೋಡಿ, ಕೊನೆಯ ತೀರ್ಪನ್ನು `hypot` ಗೆ ಬಿಡಿ. ಚೌಕ ಟಾಲರೆನ್ಸ್‌ಗಿಂತ ಚಿಕ್ಕದಾಗಬಾರದು, ಅಷ್ಟೇ. ಆಗ ಪ್ರತಿ ಜೋಡಿಯನ್ನು ನೋಡುವ ಅಗತ್ಯ ಇರುವುದಿಲ್ಲ.

ಇನ್ನೊಂದು ಬಲೆ ಇದೆ. ಟಾಲರೆನ್ಸ್‌ನಿಂದ ಕ ಮತ್ತು ಖ ಸಮ, ಖ ಮತ್ತು ಗ ಸಮ ಆದರೂ ಕ ಮತ್ತು ಗ ಸಮ ಆಗಬೇಕೆಂದಿಲ್ಲ. ಆದ್ದರಿಂದ ಇದನ್ನು ವಿಂಗಡಣೆಯ ಹೋಲಿಕೆಯೊಳಗೆ ಹಾಕಬೇಡಿ, ಕ್ರಮ ಕೆಟ್ಟುಹೋಗುತ್ತದೆ. ನಿಮ್ಮ ದತ್ತಾಂಶದಲ್ಲಿ 1e-6 ಮತ್ತು 1e-3 ರ ನಡುವಿನ ದೂರದ ಜೋಡಿ ಎಷ್ಟಿವೆ ಎಂದು ಒಮ್ಮೆ ಎಣಿಸಿ. ಒಂದೂ ಇಲ್ಲದಿದ್ದರೆ ಟಾಲರೆನ್ಸ್ ಸರಿಯಾದ ಜಾಗದಲ್ಲಿದೆ. ಇದ್ದರೆ ಆ ಬಿಂದುಗಳು ಎಲ್ಲಿಂದ ಬಂದವು ಎಂದು ಹುಡುಕಿ, ಸಂಖ್ಯೆಯನ್ನು ಹಿಗ್ಗಿಸಬೇಡಿ.

---

ಪೂರ್ಣಾಂಕಪ್ರಿಯ ಬರೆದದ್ದು:

ಇಷ್ಟು ಒದ್ದಾಟ ಏಕೆ ಎಂದು ಯಾರೂ ಕೇಳುತ್ತಿಲ್ಲವಲ್ಲ. ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ, ಮಿಲಿಮೀಟರಿನಲ್ಲೇ ಪೂರ್ಣಾಂಕವಾಗಿ ಇಟ್ಟುಕೊಳ್ಳಿ. == ಧೈರ್ಯವಾಗಿ ಹಾಕಬಹುದು, ಡಿಕ್ಷನರಿಯೂ ಸಲೀಸು. ಬಿಲ್ಲಿಂಗ್‌ನಲ್ಲಿ ನಾವು ಪೈಸೆಯಲ್ಲಿ ಇಡುವುದೂ ಇದಕ್ಕೇ. 143,50,00,000 ಎಂಬುದು 32 ಬಿಟ್‌ಗೇ ಹಿಡಿಸುತ್ತದೆ.

---

ಗಡಿಕಲ್ಲು ಬರೆದದ್ದು:

ಬೆಂಗಳೂರಿಗೆ ಹಿಡಿಸುತ್ತದೆ. 32 ಬಿಟ್‌ನ ಮಿತಿ ಸಮಭಾಜಕ ರೇಖೆಯಿಂದ ಉತ್ತರಕ್ಕೆ 2,147 ಕಿಲೋಮೀಟರಿಗೆ ಮುಗಿಯುತ್ತದೆ. ಬೀದರ್ ಜಿಲ್ಲೆಯ ತುದಿಯೂ ಒಳಗಿದೆ, ನಾಸಿಕ್‌ನಲ್ಲಿ ಕೆಲಸ ಸಿಕ್ಕ ದಿನ ಸಂಖ್ಯೆ ಮಗುಚಿ ಋಣಾತ್ಮಕವಾಗುತ್ತದೆ. 64 ಬಿಟ್ ಇಡಿ.

ಅಳೆದ ಬಿಂದುಗಳಿಗೆ ನಿಮ್ಮ ಮಾತು ನನಗೆ ಒಪ್ಪಿಗೆ. ಆದರೆ ಓರೆ ಬದಿಯೊಂದನ್ನು ಬೇರಿಂಗ್ ಹಿಡಿದು ಲೆಕ್ಕ ಹಾಕಿದ ಕೂಡಲೇ ಮಿಲಿಮೀಟರಿನ ಭಿನ್ನರಾಶಿ ಬರುತ್ತದೆ. ಪ್ರತಿ ಹೆಜ್ಜೆಗೂ ಪೂರ್ಣಾಂಕಕ್ಕೆ ತಂದರೆ ಹೆಜ್ಜೆಗೆ ಅರ್ಧ ಮಿಲಿಮೀಟರ್‌ವರೆಗೆ ತಪ್ಪು ಸೇರುತ್ತದೆ, ಡಬಲ್‌ನ ಗದ್ದಲಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು.

---

ಪೂರ್ಣಾಂಕಪ್ರಿಯ ಬರೆದದ್ದು:

ಹಾಗಾದರೆ ಮೈಕ್ರಾನಿನಲ್ಲಿ ಇಡಿ, 64 ಬಿಟ್‌ನಲ್ಲಿ ಜಾಗಕ್ಕೇನು ಬರ? ನನಗೆ ಟಾಲರೆನ್ಸ್ ಎಂಬ ಸಂಖ್ಯೆ ಕೋಡಿನಲ್ಲಿ ಕಂಡರೇ ಆಗುವುದಿಲ್ಲ.

---

ತುಂಗಾತೀರ ಬರೆದದ್ದು:

ಇಬ್ಬರಿಗೂ ಒಂದು ಕಷ್ಟದ ಪ್ರಕರಣ ಕೊಡುತ್ತೇನೆ. ಎರಡು ಗಡಿರೇಖೆಗಳು ಸೇರುವ ಬಿಂದು ಬೇಕು, ನಡುವಿನ ಕೋನ ಒಂದು ಡಿಗ್ರಿಯ ನೂರನೇ ಒಂದು ಪಾಲು. ರೇಖೆಯಲ್ಲಿದ್ದ ತಪ್ಪು ಸೇರುವ ಬಿಂದುವಿನಲ್ಲಿ ಸುಮಾರು 5,700 ಪಟ್ಟು ಹಿಗ್ಗುತ್ತದೆ. ಗಡಿಕಲ್ಲು ಅವರ ನೂರು ಬದಿಗಳ 1.2e-8 ಮೀಟರ್ ಅಲ್ಲಿ 7e-5 ಆಗುತ್ತದೆ, 1e-6 ಅನ್ನು ದಾಟಿ ಬಹಳ ಮುಂದೆ. ಮೈಕ್ರಾನಿನ ಪೂರ್ಣಾಂಕಕ್ಕೂ ಅಲ್ಲಿ ಅದೇ ಗತಿ, ಇನ್ನೂ ಕಡೆ.

---

ಹೊಸ_ಇಂಟರ್ನ್ ಬರೆದದ್ದು:

ಹಾಗಿದ್ದರೆ ಅಂಥ ಬಿಂದುಗಳಿಗೆ ಟಾಲರೆನ್ಸನ್ನು ಕೋನದ ಸೈನ್‌ನಿಂದ ಭಾಗಿಸಬೇಕೆ?

---

ಗಡಿಕಲ್ಲು ಬರೆದದ್ದು:

ಹಾಗೆ ಮಾಡುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ: ಈ ಒಂದು ಡಿಗ್ರಿಯ ನೂರನೇ ಪಾಲಿನ ಕೋನಕ್ಕೇ ಟಾಲರೆನ್ಸ್ ಮಿಲಿಮೀಟರನ್ನು ದಾಟುತ್ತದೆ, ಆಗ ಮೇಲ್ಮಿತಿ ಮುರಿಯಿತು. ಸದ್ಯ ನಮ್ಮ ಕೋಡು ಅಂಥ ಬಿಂದುವನ್ನು ಗುರುತು ಹಾಕಿ ನಿಲ್ಲಿಸುತ್ತದೆ, ತೀರ್ಮಾನ ಕೊಡುವುದಿಲ್ಲ.

---

ಹಳೆಸರಪಳಿ ಬರೆದದ್ದು:

ಈಗ ನನಗೆ ತಿಳಿದ ಮಾತಿಗೆ ಬಂದಿರಿ. 30 ಡಿಗ್ರಿಗಿಂತ ಕಿರಿದಾದ ಕೋನದ ತ್ರಿಕೋನವನ್ನು ನಾವು ಕಟ್ಟುತ್ತಲೇ ಇರಲಿಲ್ಲ, 120 ದಾಟಿದ್ದನ್ನೂ ಅಷ್ಟೇ. ಎರಡು ಗೆರೆ ಸುಮಾರಾಗಿ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಅವು ಸೇರುವ ಜಾಗವನ್ನು ಕಾಗದದ ಮೇಲೆ ಹುಡುಕಬೇಡಿ. ಪಕ್ಕದಲ್ಲಿ ಬೇರೊಂದು ಕಲ್ಲು ಇರುತ್ತದೆ, ಅಲ್ಲಿಂದ ಅಡ್ಡಲಾಗಿ ಒಂದು ಅಳತೆ ಹಿಡಿದು ತನ್ನಿ. ನಿಮ್ಮ ಹುಡುಗರಿಗೆ ಟೋಟಲ್ ಸ್ಟೇಷನ್ ಹೊತ್ತುಕೊಂಡು ಇನ್ನೊಮ್ಮೆ ಹೋಗಲು ಹೇಳಿ.